ನಾಲ್ಕನೇ ಸ್ಲ್ಯಾಬ್ ಮುಗಿದ ಮೇಲೆ

ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಡಿಮಾಂಡ್ ಲೆಟರ್ ಚೆನ್ನಾಗಿ ಗೊತ್ತು. ‘ನಿಮ್ಮ ಬ್ಲಾಕಿನ ನಾಲ್ಕನೇ ಸ್ಲ್ಯಾಬ್ ಮುಗಿದಿದೆ, ಹದಿನೈದು ದಿನದೊಳಗೆ ಇಷ್ಟು ಹಣ ಕಟ್ಟಿ’ ಎಂದು ಒಂದು ಪುಟದ ಪತ್ರ ಇ-ಮೇಲಿಗೆ ಬರುತ್ತದೆ. ಕೊಂಡವರು ಅದನ್ನು ಬ್ಯಾಂಕಿಗೆ ಕೊಡುತ್ತಾರೆ, ಬ್ಯಾಂಕು ಸಾಲದಲ್ಲಿ ಇನ್ನೊಂದಿಷ್ಟು ಬಿಡುಗಡೆ ಮಾಡುತ್ತದೆ, ಮುಂದಿನ ತಿಂಗಳಿಂದ ಬಡ್ಡಿ ಅಷ್ಟು ಏರುತ್ತದೆ. ಈ ಪತ್ರ ಬಿಲ್ಡರ್ ಕಚೇರಿಯಲ್ಲಿ ಹೇಗೆ ಹುಟ್ಟುತ್ತದೆ, ಅದಕ್ಕೂ ಸೈಟಿನಲ್ಲಿ ನಿಜವಾಗಿ ಆದ ಕೆಲಸಕ್ಕೂ ಏನು ಕೊಂಡಿ ಎಂಬುದು ಮಾತ್ರ ಕೊಂಡವರಿಗೆ ಕಾಣುವುದಿಲ್ಲ. ಅವರ ದುಡ್ಡಿನ ಸುರಕ್ಷತೆ ನಿಂತಿರುವುದು ಆ ಕೊಂಡಿಯ ಮೇಲೆ.

ಈಗ ಮಧ್ಯಮ ಗಾತ್ರದ ಬಿಲ್ಡರುಗಳೂ ಈ ಕೆಲಸಕ್ಕೆ ಇಆರ್‌ಪಿ ಎಂಬ ತಂತ್ರಾಂಶ ಇಟ್ಟುಕೊಂಡಿದ್ದಾರೆ. ಮೊದಲು ಮಾರಾಟದವರ ಬಳಿ ಒಂದು ಎಕ್ಸೆಲ್, ಸೈಟ್ ಎಂಜಿನಿಯರ್ ಬಳಿ ಒಂದು ಡೈರಿ, ಸ್ಟೋರಿನವರ ಬಳಿ ಒಂದು ರಿಜಿಸ್ಟರ್, ಅಕೌಂಟ್ಸ್‌ನವರ ಬಳಿ ಟ್ಯಾಲಿ ಇರುತ್ತಿತ್ತು. ನಾಲ್ಕೂ ಕಡೆ ನಾಲ್ಕು ಲೆಕ್ಕ. ಇಆರ್‌ಪಿಯಲ್ಲಿ ಇವರೆಲ್ಲ ಒಂದೇ ಪುಸ್ತಕದಲ್ಲಿ ಬರೆಯುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರ ಲೆಕ್ಕದಲ್ಲಿ ತಾನಾಗಿ ಮೂಡುತ್ತದೆ. ಇದರಿಂದ ಎಷ್ಟು ಅನುಕೂಲವೋ ಅಷ್ಟೇ ಅಪಾಯವೂ ಇದೆ.

ಒಂದು ಕಲ್ಪಿತ ಯೋಜನೆಯನ್ನು ಎದುರಿಗೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಕನಕಪುರ ರಸ್ತೆಯ ಆಚೆ ಎರಡು ಬ್ಲಾಕುಗಳು, ಎ ಮತ್ತು ಬಿ. ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್, ಮೇಲೆ ಹತ್ತು ಅಂತಸ್ತು, ಅಂತಸ್ತಿಗೆ ನಾಲ್ಕು ಫ್ಲ್ಯಾಟು. ಒಟ್ಟು 80. ಜಮೀನು ಬಿಲ್ಡರದ್ದಲ್ಲ, ಒಂದು ಕುಟುಂಬದ್ದು. ಬೆಂಗಳೂರಿನಲ್ಲಿ ತೀರ ಸಾಮಾನ್ಯವಾದ ಜಂಟಿ ಅಭಿವೃದ್ಧಿ ಒಪ್ಪಂದದಂತೆ 30 ಫ್ಲ್ಯಾಟು ಜಮೀನಿನವರಿಗೆ, 50 ಬಿಲ್ಡರಿಗೆ. ಒಂದೊಂದರ ಬೆಲೆ 80 ಲಕ್ಷ. ಬಿಲ್ಡರಿನ 50ರಲ್ಲಿ 38 ಮಾರಾಟವಾಗಿವೆ: ಎ ಬ್ಲಾಕಿನಲ್ಲಿ 22, ಬಿ ಬ್ಲಾಕಿನಲ್ಲಿ 16.

ಬುಕಿಂಗ್‌ನ ವಿಷಯ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಇಲ್ಲಿ ತಂತ್ರಾಂಶ ಚೆನ್ನಾಗಿಯೇ ಕೆಲಸ ಮಾಡುತ್ತದೆ. 80 ಫ್ಲ್ಯಾಟುಗಳೂ ಪರದೆಯ ಮೇಲೆ ಚೌಕಗಳಾಗಿ ಕಾಣುತ್ತವೆ. ಖಾಲಿ, ಹೋಲ್ಡ್, ಬುಕ್ ಆದದ್ದು, ಕರಾರು ನೋಂದಣಿಯಾದದ್ದು ಎಂದು ಒಂದೊಂದಕ್ಕೆ ಒಂದು ಬಣ್ಣ. ಭಾನುವಾರ ಸೈಟ್ ನೋಡಲು ಬಂದ ಎರಡು ಸಂಸಾರಗಳಿಗೆ ಇಬ್ಬರು ಸೇಲ್ಸ್‌ನವರು ಒಂದೇ ಮೂಲೆ ಫ್ಲ್ಯಾಟು ಕೊಟ್ಟುಬಿಡುವ ಹಳೆಯ ಪ್ರಮಾದ ಇದರಿಂದ ನಿಂತಿತು. ಒಬ್ಬರು ಹೋಲ್ಡ್ ಹಾಕಿದರೆ ಇನ್ನೊಬ್ಬರಿಗೆ ಆ ಚೌಕ ತೆರೆಯುವುದೇ ಇಲ್ಲ. ಗೊತ್ತುಮಾಡಿದ ಅವಧಿಯೊಳಗೆ ಅಡ್ವಾನ್ಸ್ ಬಾರದಿದ್ದರೆ ಹೋಲ್ಡ್ ತಾನೇ ಬಿಟ್ಟುಹೋಗುತ್ತದೆ. ಜಮೀನಿನವರ 30 ಫ್ಲ್ಯಾಟುಗಳನ್ನು ಮೊದಲ ದಿನವೇ ಬೇರೆ ಬಣ್ಣದಲ್ಲಿ ಬೀಗ ಹಾಕಿಡಬೇಕು. ಯಾವ ನಂಬರು ಯಾರಿಗೆ ಎಂಬ ಹಂಚಿಕೆ ಪತ್ರಕ್ಕೆ ಸಹಿ ಬೀಳುವ ಮೊದಲೇ ಮಾರಾಟ ಶುರುಮಾಡಿ, ಆಮೇಲೆ ಒಂದೇ ಫ್ಲ್ಯಾಟಿಗೆ ಬಿಲ್ಡರ್ ಕಡೆಯಿಂದ ಒಬ್ಬರು, ಜಮೀನಿನವರ ಕಡೆಯಿಂದ ಒಬ್ಬರು ಹಕ್ಕುದಾರರಾಗಿ ನಿಂತರೆ, ಆ ತಕರಾರನ್ನು ಯಾವ ತಂತ್ರಾಂಶವೂ ಬಿಡಿಸಲಾರದು.

ಇನ್ನೊಂದು ಬೀಗ ಕಾನೂನಿನದು. 2016ರ ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ, ಮಾರಾಟದ ಕರಾರು ಬರೆದು ನೋಂದಣಿ ಮಾಡಿಸುವ ಮೊದಲು ಬಿಲ್ಡರ್ ಫ್ಲ್ಯಾಟಿನ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 8 ಲಕ್ಷ. ಒಳ್ಳೆಯ ಇಆರ್‌ಪಿಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಸಂಖ್ಯೆ ತುಂಬುವವರೆಗೂ ಮುಂದಿನ ಕಂತಿನ ಪತ್ರ ತಯಾರಾಗದಂತೆ ಕಟ್ಟಿರುತ್ತಾರೆ.

ಈಗ ಕಂತುಗಳಿಗೆ ಬರೋಣ. ಕರಾರಿಗೆ ಲಗತ್ತಿಸಿದ ಪಟ್ಟಿ ಹೀಗಿದೆ ಎಂದುಕೊಳ್ಳಿ: ಬುಕಿಂಗ್‌ಗೆ ಶೇ 10, ಕರಾರಿಗೆ ಶೇ 10, ಬೇಸ್‌ಮೆಂಟ್ ಮುಗಿದಾಗ ಶೇ 10, ಆಮೇಲೆ ಹತ್ತು ಸ್ಲ್ಯಾಬಿಗೂ ತಲಾ ಶೇ 5, ಗೋಡೆ ಮತ್ತು ಗಾರೆಗೆ ಶೇ 10, ನೆಲಹಾಸಿಗೆ ಶೇ 5, ಕೀಲಿ ಕೈ ಕೊಡುವಾಗ ಉಳಿದ ಶೇ 5. ಎ ಬ್ಲಾಕಿನಲ್ಲಿ ನಾಲ್ಕನೇ ಸ್ಲ್ಯಾಬ್ ಹಾಕಿದರು. ಸೈಟ್ ಎಂಜಿನಿಯರ್ ಇಆರ್‌ಪಿಯಲ್ಲಿ ಆ ಹಂತದ ಮುಂದೆ ‘ಮುಗಿದಿದೆ’ ಎಂದು ಗುರುತು ಹಾಕುತ್ತಾರೆ. ಆ ಒಂದು ಗುರುತಿಗೆ 22 ಪತ್ರಗಳು ಒಟ್ಟಿಗೆ ಸಿದ್ಧವಾಗುತ್ತವೆ. ತಲಾ 4 ಲಕ್ಷದಂತೆ 88 ಲಕ್ಷ ರೂಪಾಯಿಯ ಬೇಡಿಕೆ.

ಒಂದು ಪತ್ರವನ್ನು ಬಿಡಿಸಿ ನೋಡಿದರೆ ಲೆಕ್ಕ ಹೀಗಿರುತ್ತದೆ. ಕಂತು 4,00,000. ಅದರ ಮೇಲೆ ಶೇ 5 ಜಿಎಸ್‌ಟಿ 20,000. ಫ್ಲ್ಯಾಟಿನ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದ್ದರಿಂದ ಕೊಂಡವರು ಕಂತಿನ ಶೇ 1ರಷ್ಟನ್ನು, ಅಂದರೆ 4,000 ರೂಪಾಯಿಯನ್ನು, ಟಿಡಿಎಸ್ ಎಂದು ಮುರಿದುಕೊಂಡು ಬಿಲ್ಡರಿನ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಜಿಎಸ್‌ಟಿಯ ಮೊತ್ತದ ಮೇಲೆ ಟಿಡಿಎಸ್ ಇಲ್ಲ. ಹಾಗಾಗಿ ಬಿಲ್ಡರಿಗೆ ಕಟ್ಟಬೇಕಾದದ್ದು 4,16,000.

ಅತಿ ಹೆಚ್ಚು ಫೋನ್ ಕರೆಗಳಿಗೆ ಕಾರಣವಾಗುವುದು ಈ 4,000 ರೂಪಾಯಿಯೇ. ಕೊಂಡವರು ಅದನ್ನು ಸರ್ಕಾರಕ್ಕೆ ಕಟ್ಟಿರುತ್ತಾರೆ, ಪ್ರಮಾಣಪತ್ರವನ್ನು ಬಿಲ್ಡರಿಗೆ ಕಳಿಸಲು ಮರೆತಿರುತ್ತಾರೆ. ಇಆರ್‌ಪಿಯ ಕಣ್ಣಿಗೆ ಅದು ಬಾಕಿ. ಬಾಕಿಯೆಂದ ಮೇಲೆ ಅದು ಬಡ್ಡಿ ಹಾಕುತ್ತಾ ಹೋಗುತ್ತದೆ. ಹತ್ತು ಹನ್ನೆರಡು ಕಂತು ಕಳೆಯುವಷ್ಟರಲ್ಲಿ ಚಾಚೂ ತಪ್ಪದೆ ಹಣ ಕಟ್ಟಿದವರ ಖಾತೆಯಲ್ಲೂ ಸಾವಿರಗಟ್ಟಲೆ ಬಾಕಿ, ಅದಕ್ಕೊಂದಿಷ್ಟು ಬಡ್ಡಿ. ಕೀಲಿ ಕೈ ತೆಗೆದುಕೊಳ್ಳಲು ಹೋದ ದಿನ ಇದು ಜಗಳವಾಗಿ ಎದ್ದು ನಿಲ್ಲುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. ಟಿಡಿಎಸ್ ಬಾಕಿಗೆ ಪ್ರತ್ಯೇಕ ಕಲಂ ಇಟ್ಟು, ಅದನ್ನು ಬಡ್ಡಿಯ ಲೆಕ್ಕದಿಂದ ಹೊರಗಿಡಬೇಕು. ಕೊಂಡವರಾದರೆ ಕಂತು ಕಟ್ಟಿದ ಪ್ರತಿ ಸಲವೂ ಆ ಪ್ರಮಾಣಪತ್ರ ಕಳಿಸಿ, ತಮ್ಮ ಲೆಡ್ಜರಿನ ಪ್ರತಿ ತರಿಸಿಕೊಳ್ಳಬೇಕು.

ಬಡ್ಡಿಯ ವಿಷಯದಲ್ಲಿ ರೇರಾ ಒಂದು ನ್ಯಾಯದ ಕೆಲಸ ಮಾಡಿದೆ. ಕೊಂಡವರು ತಡಮಾಡಿದರೆ ಎಷ್ಟು ದರವೋ, ಬಿಲ್ಡರ್ ಫ್ಲ್ಯಾಟು ಕೊಡುವುದು ತಡವಾದರೂ ಅಷ್ಟೇ ದರ. ಕರ್ನಾಟಕದ ನಿಯಮಗಳಲ್ಲಿ ಅದು ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ ದರಕ್ಕೆ ಶೇ 2 ಸೇರಿಸಿದಷ್ಟು. ಶೇ 11 ಎಂದು ಹಿಡಿದರೆ 4 ಲಕ್ಷಕ್ಕೆ ದಿನಕ್ಕೆ ಸುಮಾರು 120 ರೂಪಾಯಿ. ಹಳೆಯ ಕರಾರುಗಳಲ್ಲಿದ್ದಂತೆ ಕೊಂಡವರಿಗೆ ಶೇ 18, ಬಿಲ್ಡರಿಗೆ ಚದರಡಿಗೆ ಐದೋ ಹತ್ತೋ ರೂಪಾಯಿ ಎಂಬ ಏರ್ಪಾಡು ಈಗ ನಿಲ್ಲುವುದಿಲ್ಲ. ಆದರೆ ತಂತ್ರಾಂಶದಲ್ಲಿ ಹಿಂದೆಂದೋ ತುಂಬಿಟ್ಟ ಹಳೆಯ ದರ ಹಾಗೇ ಉಳಿದುಬಿಡುವುದುಂಟು. ಪತ್ರದಲ್ಲಿ ಬಡ್ಡಿಯ ಸಾಲು ಕಂಡರೆ ದರವನ್ನು ಕೇಳಿ ನೋಡಬೇಕು.

ಇನ್ನು ಆ ಗುರುತಿನ ಮಾತು. ‘ಮುಗಿದಿದೆ’ ಎಂದು ಗುರುತು ಹಾಕುವ ಅಧಿಕಾರ ಯಾರಿಗಿರಬೇಕು? ಎಲ್ಲಾ ಸಮಸ್ಯೆಯ ಬೇರು ಇಲ್ಲಿದೆ ಎಂದು ನನಗನಿಸುತ್ತದೆ. ಮಾರಾಟ ವಿಭಾಗದವರ ಕೈಯಲ್ಲೋ ವಸೂಲಿಯವರ ಕೈಯಲ್ಲೋ ಅದು ಇದ್ದರೆ, ತಿಂಗಳ ಕೊನೆಯ ವಾರ ಹಣದ ಒತ್ತಡ ಬಂದಾಗ ಇನ್ನೂ ಸೆಂಟ್ರಿಂಗ್ ಕಟ್ಟುತ್ತಿರುವ ಸ್ಲ್ಯಾಬೂ ಕಾಗದದ ಮೇಲೆ ಮುಗಿದುಹೋಗುತ್ತದೆ. ಸರಿಯಾದ ಕ್ರಮದಲ್ಲಿ ಗುರುತು ಹಾಕುವವರು ಸೈಟ್ ಎಂಜಿನಿಯರ್, ಒಪ್ಪಿಗೆ ಕೊಡುವವರು ಪ್ರಾಜೆಕ್ಟ್ ಮ್ಯಾನೇಜರ್. ಜೊತೆಗೆ ಕಾಂಕ್ರೀಟ್ ಹಾಕಿದ ದಿನದ ದಾಖಲೆ, ಫೋಟೋ, ಆರ್ಕಿಟೆಕ್ಟ್ ಸಹಿ ಮಾಡಿದ ಪ್ರಮಾಣಪತ್ರ ಲಗತ್ತಾಗದೆ ಪತ್ರಗಳು ಹೊರಡಲೇಬಾರದು.

ತಪ್ಪು ಉದ್ದೇಶದಿಂದಲೇ ಆಗಬೇಕೆಂದಿಲ್ಲ. ಹಂತಗಳನ್ನು ಬ್ಲಾಕುವಾರು ಜೋಡಿಸುವ ಬದಲು ಇಡೀ ಯೋಜನೆಗೆ ಒಂದೇ ಪಟ್ಟಿ ಜೋಡಿಸಿದ್ದರೆ, ಎ ಬ್ಲಾಕಿನ ನಾಲ್ಕನೇ ಸ್ಲ್ಯಾಬಿಗೆ ಬಿ ಬ್ಲಾಕಿನ 16 ಮಂದಿಗೂ ಪತ್ರ ಹೋಗುತ್ತದೆ. ಅಲ್ಲಿ ಇನ್ನೂ ಎರಡನೇ ಸ್ಲ್ಯಾಬು ಮುಗಿದಿರುತ್ತದೆ ಅಷ್ಟೇ. ಇದು ಮೊದಲು ಗೊತ್ತಾಗುವುದು ಬ್ಯಾಂಕಿನಿಂದ. ಕಂತು ಬಿಡುವ ಮೊದಲು ಬ್ಯಾಂಕಿನ ಎಂಜಿನಿಯರ್ ಸೈಟಿಗೆ ಬಂದು ಅಂತಸ್ತು ಎಣಿಸಿ, ಹಂತ ತಾಳೆಯಾಗುತ್ತಿಲ್ಲ ಎಂದು ಬರೆದು ಹೋಗುತ್ತಾರೆ. ಸ್ವಂತ ಹಣದಿಂದ ಕಟ್ಟುವವರಿಗೆ ಆ ಕಾವಲಿಲ್ಲ. ಅವರು ತಾವೇ ಸೈಟಿಗೆ ಹೋಗಿ ನೋಡಬೇಕು.

ಸುಳ್ಳು ಗುರುತಿನಿಂದ ಬಿಲ್ಡರಿಗೂ ಪೆಟ್ಟಿದೆ. ಹಂತಕ್ಕೆ ಕಟ್ಟುಬಿದ್ದ ಕಂತಾದರೆ ಆ ಹಂತ ಮುಗಿಯುವ ಹೊತ್ತಿಗೆ ಇನ್‌ವಾಯ್ಸ್ ಮಾಡಬೇಕು, ಇನ್‌ವಾಯ್ಸ್ ಆದ ಮೇಲೆ ಹಣ ಕೈಗೆ ಬರಲಿ ಬಾರದಿರಲಿ ಜಿಎಸ್‌ಟಿ ಕಟ್ಟಬೇಕು ಎಂಬುದು ನಿಯಮ. ಬಿ ಬ್ಲಾಕಿನ 16 ಪತ್ರಗಳ 64 ಲಕ್ಷಕ್ಕೆ 3 ಲಕ್ಷ 20 ಸಾವಿರ ತೆರಿಗೆ ಮುಂದಿನ ತಿಂಗಳೇ ಕೈಯಿಂದ ಹೋಗುತ್ತದೆ. ಆಮೇಲೆ ಒಂದೊಂದಕ್ಕೂ ಕ್ರೆಡಿಟ್ ನೋಟ್ ಬರೆದು ಸರಿಪಡಿಸುತ್ತಾ ಕೂರಬೇಕು.

ಇಷ್ಟು ಹಣ ಬರುವ ಕಡೆಯ ಮಾತಾಯಿತು. ಹೋಗುವ ಕಡೆ ನೋಡಲು ಕಬ್ಬಿಣವೊಂದನ್ನೇ ತೆಗೆದುಕೊಂಡರೆ ಸಾಕು.

ನಮ್ಮ ಯೋಜನೆ ಒಂದು ಲಕ್ಷ ಚದರಡಿಯದು. ಚದರಡಿಗೆ 4 ಕಿಲೋ ಎಂದು ಹಿಡಿದು ಬಜೆಟ್ಟಿನಲ್ಲಿ 400 ಟನ್ ಕಬ್ಬಿಣ, ಟನ್ನಿಗೆ 62,000ದಂತೆ 2 ಕೋಟಿ 48 ಲಕ್ಷ ಇಟ್ಟಿದ್ದಾರೆ. ಎ ಬ್ಲಾಕಿನ ನಾಲ್ಕನೇ ಸ್ಲ್ಯಾಬಿನ ಹೊತ್ತಿಗೆ 250 ಟನ್ನಿಗೆ ಆರ್ಡರ್ ಹೋಗಿದೆ, 220 ಟನ್ ಸೈಟಿಗೆ ಬಂದಿದೆ, 170 ಟನ್ನಿಗೆ ಹಣ ಪಾವತಿಯಾಗಿದೆ. ಕೊಂಡ ಸರಾಸರಿ ದರ 64,000. ಬ್ಯಾಂಕ್ ಪಾಸ್‌ಬುಕ್ ಮಾತ್ರ ನೋಡುವ ಮಾಲೀಕರಿಗೆ ಕಬ್ಬಿಣದ ಖರ್ಚು 1 ಕೋಟಿ 9 ಲಕ್ಷದಷ್ಟು. ಸ್ಟೋರಿನ ಲೆಕ್ಕದಲ್ಲಿ ಅದು 1 ಕೋಟಿ 41 ಲಕ್ಷ. ಕೊಟ್ಟ ಮಾತಿನ ಲೆಕ್ಕದಲ್ಲಿ 1 ಕೋಟಿ 60 ಲಕ್ಷ. ಬಜೆಟ್ಟಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಹೇಳಬಲ್ಲದ್ದು ಮೂರನೆಯ ಅಂಕಿ. ಆರ್ಡರ್ ಬರೆದ ಕ್ಷಣವೇ ಬಜೆಟ್ಟಿನಿಂದ ಆ ಹಣವನ್ನು ಕಳೆದು ತೋರಿಸುವುದು ಇಆರ್‌ಪಿಯ ದೊಡ್ಡ ಉಪಕಾರ. ಟನ್ನಿಗೆ 2,000 ಏರಿರುವುದೂ ಆಗಲೇ ಕಣ್ಣಿಗೆ ಬೀಳುತ್ತದೆ.

ದರಕ್ಕಿಂತ ತೂಕದ ತಾಳೆ ಇನ್ನೂ ಮುಖ್ಯ. ಡ್ರಾಯಿಂಗ್ ಪ್ರಕಾರ ಈವರೆಗಿನ ಕೆಲಸಕ್ಕೆ 200 ಟನ್ ಬೇಕಿತ್ತು. ಬಂದದ್ದು 220, ಯಾರ್ಡಿನಲ್ಲಿ ಉಳಿದಿರುವುದು 8. ಹಾಗಾದರೆ 12 ಟನ್, ಅಂದರೆ ಶೇ 6, ಎಲ್ಲಿ ಹೋಯಿತು? ತುಂಡು ತುಣುಕಿನ ನಷ್ಟಕ್ಕೆ ಶೇ 3 ಬಿಟ್ಟರೂ 6 ಟನ್ ಹೆಚ್ಚುವರಿ. ಮೊದಲು ಬರುವ ಸಂಶಯ ಕಳ್ಳತನ, ಸ್ಟೋರ್ ಕೀಪರ್ ಮೇಲೆ. ಅವಸರ ಬೇಡ. ಕಬ್ಬಿಣ ಬರುವುದು ವೇಬ್ರಿಡ್ಜಿನ ನಿಜ ತೂಕದಲ್ಲಿ, ಖರ್ಚು ಬರೆಯುವುದು ಸೂತ್ರದ ತೂಕದಲ್ಲಿ. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 12 ಮಿ.ಮೀ. ಸರಳಿಗೆ ಅದು 0.889 ಕಿಲೋ. ಆದರೆ ರೋಲಿಂಗ್ ಮಿಲ್ಲಿನಿಂದ ಬರುವ ಸರಳು ಇದಕ್ಕಿಂತ ಸ್ವಲ್ಪ ಹೆಚ್ಚೋ ಕಡಿಮೆಯೋ ತೂಗಲು ಭಾರತೀಯ ಮಾನಕದಲ್ಲೇ ಅವಕಾಶವಿದೆ. ಬಂದ ಲೋಡಿನಿಂದ ಒಂದು ಮೀಟರ್ ತುಂಡು ಕತ್ತರಿಸಿ ತೂಗಿ ನೋಡಿ. 0.92 ಬಂದರೆ ಸುಮಾರು ಶೇ 3.5 ಹೆಚ್ಚು ತೂಕದ ಸರಳನ್ನು ನೀವು ಕೊಂಡಿದ್ದೀರಿ. ಬಂದದ್ದೆಲ್ಲ ಹೀಗೇ ಇದ್ದರೆ ಕಳುವಾಯಿತೆಂದುಕೊಂಡ 6 ಟನ್ನಿನ ಲೆಕ್ಕ ಇಲ್ಲೇ ತೀರಿತು. ತೂಕ ಸರಿಯಾಗಿದ್ದರೆ ಮುಂದಿನ ಪ್ರಶ್ನೆ: ಡ್ರಾಯಿಂಗ್ ಬದಲಾಗಿ ಬಿಒಕ್ಯೂ, ಅಂದರೆ ಕೆಲಸದ ಪ್ರಮಾಣಪಟ್ಟಿ, ತಿದ್ದದೇ ಉಳಿದಿದೆಯೇ? ಅದೂ ಅಲ್ಲವಾದರೆ ಗೇಟಿನ ಕಡೆ ನೋಡಬೇಕು. ಇಆರ್‌ಪಿ ವ್ಯತ್ಯಾಸವನ್ನು ತೋರಿಸುತ್ತದೆ, ಕಾರಣ ಹುಡುಕುವವರು ಸೈಟಿನ ಮನುಷ್ಯರೇ.

ಈಗ ಬರುವ ಹಣವನ್ನೂ ಹೋಗುವ ಹಣವನ್ನೂ ಎದುರುಬದುರು ಇಡೋಣ. ಎರಡೂ ಬ್ಲಾಕಿನ ಹತ್ತು ಸ್ಲ್ಯಾಬು ಮುಗಿದವು, 38 ಮಂದಿಯೂ ಬಾಕಿಯಿಲ್ಲದೆ ಕಟ್ಟಿದರು ಎನ್ನಿ. ಶೇ 80ರ ಲೆಕ್ಕದಲ್ಲಿ ಬಂದ ಹಣ 24 ಕೋಟಿ 32 ಲಕ್ಷ. 80 ಫ್ಲ್ಯಾಟಿನ ಕಟ್ಟಡಕ್ಕೆ ಒಟ್ಟು ಬಜೆಟ್ 24 ಕೋಟಿ. ಮೇಲ್ನೋಟಕ್ಕೆ ಎಲ್ಲ ಸುಭಿಕ್ಷ. ಆದರೆ ಕಂಬ, ತೊಲೆ, ಸ್ಲ್ಯಾಬುಗಳ ಅಸ್ಥಿಪಂಜರಕ್ಕೆ ಹಿಡಿದದ್ದು ಶೇ 45, ಅಂದರೆ 10 ಕೋಟಿ 80 ಲಕ್ಷ ಮಾತ್ರ. ಗೋಡೆ, ಗಾರೆ, ಟೈಲ್ಸ್, ಬಾಗಿಲು ಕಿಟಕಿ, ವೈರಿಂಗ್, ನಲ್ಲಿ, ಲಿಫ್ಟ್, ಬಣ್ಣ ಎಲ್ಲ ಸೇರಿ 13 ಕೋಟಿ 20 ಲಕ್ಷದ ಕೆಲಸ ಮುಂದಿದೆ. ಮಾರಿದ ಫ್ಲ್ಯಾಟುಗಳಿಂದ ಇನ್ನು ಬರಬೇಕಾದದ್ದು 6 ಕೋಟಿ 8 ಲಕ್ಷ. ಹಣ ಮುಂಚೆ ಬಂದು ಖರ್ಚು ಹಿಂದೆ ಬರುವ ಈ ಅಂತರದಲ್ಲಿ, ಕೈಯಲ್ಲಿದ್ದ ದುಡ್ಡನ್ನು ಇನ್ನೊಂದು ಜಮೀನಿನ ಅಡ್ವಾನ್ಸಿಗೆ ಹಾಕಿದ ಬಿಲ್ಡರುಗಳಿಂದಲೇ ಎಷ್ಟೋ ಕಟ್ಟಡಗಳು ಬರೀ ಕಾಂಕ್ರೀಟ್ ಗೂಡಾಗಿ ನಿಂತವು.

ರೇರಾ ಇದಕ್ಕೇ ಶೇ 70ರ ನಿಯಮ ತಂದದ್ದು. ಕೊಂಡವರಿಂದ ಬಂದ ಹಣದಲ್ಲಿ ಅಷ್ಟನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಡಬೇಕು. ಜಮೀನು ಮತ್ತು ಕಟ್ಟಡದ ವೆಚ್ಚಕ್ಕೆ ಮಾತ್ರ, ಕೆಲಸ ಎಷ್ಟು ಮುಗಿದಿದೆಯೋ ಅಷ್ಟರ ಪ್ರಮಾಣದಲ್ಲಿ, ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣಪತ್ರದ ಮೇಲೆ ತೆಗೆಯಬೇಕು. ನಮ್ಮ ಯೋಜನೆಯಲ್ಲಿ ಆ ಖಾತೆಗೆ ಬಿದ್ದದ್ದು 17 ಕೋಟಿ 2 ಲಕ್ಷ, ತೆಗೆಯಬಹುದಾದದ್ದು 10 ಕೋಟಿ 80 ಲಕ್ಷ, ಉಳಿಯುವುದು 6 ಕೋಟಿ 22 ಲಕ್ಷ. ಬರಬೇಕಾದ 6 ಕೋಟಿ 8 ಲಕ್ಷವನ್ನು ಪೂರ್ತಿ ಕಟ್ಟಡಕ್ಕೇ ಹಾಕಿದರೆ 12 ಕೋಟಿ 30 ಲಕ್ಷ. ಕೊರತೆ 90 ಲಕ್ಷ. ಮಾರದೆ ಉಳಿದ 12 ಫ್ಲ್ಯಾಟುಗಳಲ್ಲಿ ಎರಡು ಹೋದರೆ ಸರಿದೂಗುತ್ತದೆ.

ಈ ಲೆಕ್ಕದ ಬುಡದಲ್ಲಿ ಒಂದು ಅಂಕಿ ಕೂತಿದೆ: ಮುಗಿಸಲು ಇನ್ನೆಷ್ಟು ಬೇಕು ಎಂಬ ಅಂದಾಜು. ಅಸ್ಥಿಪಂಜರಕ್ಕೆ 10 ಕೋಟಿ 80 ಲಕ್ಷದ ಬದಲು 11 ಕೋಟಿ 60 ಲಕ್ಷ ಖರ್ಚಾಯಿತು, ಒಳಗಿನ ಕೆಲಸದ ಅಂದಾಜೂ ಏರಿ 14 ಕೋಟಿ 40 ಲಕ್ಷವಾಯಿತು ಎನ್ನಿ. ಬಜೆಟ್ ಈಗ 26 ಕೋಟಿ, ಕೊರತೆ 2 ಕೋಟಿ 90 ಲಕ್ಷ. ಎರಡರ ಬದಲು ನಾಲ್ಕು ಫ್ಲ್ಯಾಟು ಮಾರಬೇಕು. ಆದರೆ ಇಆರ್‌ಪಿಯಲ್ಲಿ ಯಾರೂ 24 ಕೋಟಿಯನ್ನು ತಿದ್ದಲಿಲ್ಲ. ಆಗ ತಂತ್ರಾಂಶ 11 ಕೋಟಿ 60 ಲಕ್ಷವನ್ನು 24 ಕೋಟಿಯಿಂದ ಭಾಗಿಸಿ ಶೇ 48 ಕೆಲಸ ಮುಗಿದಿದೆ ಎಂದು ತೋರಿಸುತ್ತದೆ. ಹೆಚ್ಚಾಗಿ ಸುರಿದ 80 ಲಕ್ಷ ಅದರ ಲೆಕ್ಕದಲ್ಲಿ ಪ್ರಗತಿ! ನಿಜವಾಗಿ ಮುಗಿದದ್ದು ಅದೇ ಶೇ 45ರಷ್ಟು ಕಟ್ಟಡ.

ಇದನ್ನು ಹಿಡಿಯುವ ದಾರಿ ಒಂದೇ. ಖರ್ಚಿನಿಂದ ಬರುವ ಶೇಕಡಾವಾರನ್ನೂ, ಸೈಟಿನಲ್ಲಿ ಟೇಪು ಹಿಡಿದು ಅಳೆದ ಕೆಲಸದ ಶೇಕಡಾವಾರನ್ನೂ ಪ್ರತಿ ತಿಂಗಳು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು ಎರಡನೆಯದನ್ನು ದಾಟಿ ಓಡುತ್ತಿದ್ದರೆ ಬಜೆಟ್ ಸೋರುತ್ತಿದೆ ಎಂದರ್ಥ. ಕಾನೂನು ಅಕೌಂಟೆಂಟ್ ಒಬ್ಬರ ಸಹಿಗೆ ತೃಪ್ತಿಪಡದೆ ಎಂಜಿನಿಯರ್ ಮತ್ತು ಆರ್ಕಿಟೆಕ್ಟ್ ಸಹಿಯನ್ನೂ ಕೇಳುವುದರಲ್ಲಿ ಅರ್ಥವಿದೆ. ಬಾಕಿ ಕೆಲಸದ ಅಂದಾಜನ್ನು ಮೂರು ತಿಂಗಳಿಗೊಮ್ಮೆಯಾದರೂ ಹೊಸದಾಗಿ ಬರೆಯಬೇಕು. ಹಳೆಯ ಅಂಕಿಯನ್ನು ಯಾರು, ಯಾವತ್ತು, ಏಕೆ ಬದಲಿಸಿದರು ಎಂಬ ಜಾಡು ತಂತ್ರಾಂಶದಲ್ಲಿ ಅಳಿಸಲಾಗದಂತೆ ಉಳಿಯಬೇಕು.

ಫ್ಲ್ಯಾಟು ಕೊಂಡವರಿಗೆ ಬಿಲ್ಡರಿನ ಇಆರ್‌ಪಿ ತೆರೆದು ನೋಡಲು ಬರುವುದಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಬಿಲ್ಡರ್ ರೇರಾ ಜಾಲತಾಣದಲ್ಲಿ ಯೋಜನೆಯ ಸ್ಥಿತಿಗತಿಯನ್ನೂ, ಬುಕ್ ಆದ ಫ್ಲ್ಯಾಟುಗಳ ಸಂಖ್ಯೆಯನ್ನೂ ಹಾಕಲೇಬೇಕು. ಯೋಜನೆಯ ನೋಂದಣಿ ಸಂಖ್ಯೆ ಕೊಟ್ಟರೆ ಅದನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿ ಬರೆದ ಹಂತ, ಕೈಯಲ್ಲಿರುವ ಡಿಮಾಂಡ್ ಲೆಟರಿನ ಹಂತ, ಸೈಟಿನಲ್ಲಿ ಕಣ್ಣಿಗೆ ಕಾಣುವ ಹಂತ ಮೂರೂ ಒಂದೇ ಆಗಿರಬೇಕು. ಆಗಿಲ್ಲದಿದ್ದರೆ ಆರ್ಕಿಟೆಕ್ಟ್ ಪ್ರಮಾಣಪತ್ರದ ಪ್ರತಿ ಕಳಿಸಿ ಎಂದು ಬಿಲ್ಡರಿಗೆ ಬರವಣಿಗೆಯಲ್ಲಿ ಕೇಳಿ, ಅದು ಬಂದ ಮೇಲೆ ಕಂತು ಕಟ್ಟುವುದು ಕ್ಷೇಮ. ಕೇಳುವ ಪತ್ರವನ್ನು ಆ ಹದಿನೈದು ದಿನದ ಗಡುವಿನೊಳಗೇ ಕಳಿಸಿರಬೇಕು. ನಂತರ ಬಡ್ಡಿಯ ತಕರಾರು ಬಂದರೆ ಆಧಾರವಾಗುವುದು ಆ ತಾರೀಖು.